ಕೊಯ್ಲಿನ ಸಾಲಕ್ಕೆ ದಿನದ ಲೆಕ್ಕದಲ್ಲಿ ಬಡ್ಡಿ ಹಾಕೋದು ಹೇಗೆ

ಅರೇಬಿಕಾ ಕೊಯ್ಲು ಶುರುವಾದ್ರೆ ಆಳುಗಳ ಕೂಲಿಗೆ ಅಂತ ಸೋಮವಾರಪೇಟೆ ಕಡೆ ತುಂಬಾ ಜನ ಮೂರು ನಾಲ್ಕು ತಿಂಗಳಿಗೆ ಕೈಸಾಲ ತಗೊಳ್ತಾರೆ, ಕಾಫಿ ಮಾರಿ ತೀರಿಸುವಾಗ "ನಾಲ್ಕು ತಿಂಗಳು ಅಂತ ಇಟ್ಕೊಳ್ಳಿ" ಅಂದ್ರೆ ಒಪ್ಪಿಬಿಡ್ತಾರೆ. ಒಪ್ಪಬೇಡಿ, ದಿನ ಎಣಿಸಿ.

ಒಂದು ಲೆಕ್ಕ ನೋಡೋಣ. 80,000 ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಅಂದ್ರೆ ವರ್ಷಕ್ಕೆ 12 ಪರ್ಸೆಂಟ್. ತಗೊಂಡಿದ್ದು 2023 ನವೆಂಬರ್ 18, ತೀರಿಸಿದ್ದು 2024 ಮಾರ್ಚ್ 7.

ಜನ ಎಡವೋದು ದಿನ ಎಣಿಸೋದ್ರಲ್ಲೇ. ಸಾಲ ತಗೊಂಡ ದಿನ ಬಿಡಬೇಕು, ತೀರಿಸಿದ ದಿನ ಸೇರಿಸಬೇಕು. ಇವತ್ತು ತಗೊಂಡು ನಾಳೆ ಕೊಟ್ರೆ ದುಡ್ಡು ನಮ್ಮ ಹತ್ರ ಇದ್ದಿದ್ದು ಒಂದೇ ರಾತ್ರಿ, ಹಾಗಾಗಿ ಒಂದೇ ದಿನ. ಎರಡೂ ತಾರೀಕು ಎಣಿಸಿದ್ರೆ ಎರಡು ದಿನ ಆಗಿಬಿಡುತ್ತೆ. ಈಗ ತಿಂಗಳು ತಿಂಗಳಾಗಿ ಬರ್ಕೊಳ್ಳಿ: ನವೆಂಬರ್‌ನಲ್ಲಿ ಮೂವತ್ತರಲ್ಲಿ ಹದಿನೆಂಟು ಕಳೆದ್ರೆ 12, ಡಿಸೆಂಬರ್ 31, ಜನವರಿ 31, ಫೆಬ್ರವರಿ 29, ಮಾರ್ಚ್ 7. ಒಟ್ಟು 110. ಆ ಫೆಬ್ರವರಿಗೆ 28 ಅಂತ ಹಾಕಿದ್ರೆ ತಪ್ಪು, 2024 ಅಧಿಕ ವರ್ಷ. ಬೆರಳಲ್ಲಿ ಎಣಿಸಿದ್ದನ್ನ ತಾಳೆ ನೋಡೋಕೆ ಎಕ್ಸೆಲ್‌ನಲ್ಲಿ ಇದನ್ನ ಹಾಕಿ, ಅದೂ ಮೊದಲ ದಿನ ಬಿಟ್ಟೇ ಎಣಿಸುತ್ತೆ:

```
=DATE(2024,3,7)-DATE(2023,11,18)
```

ಉತ್ತರ ತಾರೀಕಿನ ಥರ ಕಂಡ್ರೆ ಆ ಸೆಲ್ಲಿನ ಫಾರ್ಮ್ಯಾಟನ್ನ ನಂಬರ್‌ಗೆ ಬದಲಾಯಿಸಿ. ಬರೀ ತಿಂಗಳು ಕೇಳಿ ತಾರೀಕು ಕೇಳದ ಬಡ್ಡಿ ಆ್ಯಪ್‌ಗಳು ಇವೆಯಲ್ಲ, ಅವನ್ನ ಫೋನಿಂದ ತೆಗೆದುಹಾಕಿ.

ಉಳಿದಿದ್ದು ಸುಲಭ. ಅಸಲು, ಬಡ್ಡಿ ದರ, ದಿನ ಮೂರನ್ನೂ ಗುಣಿಸಿ 36500ರಿಂದ ಭಾಗಿಸಿ:

```
80000 × 12 × 110 ÷ 36500 = 2893.15
```

ನಾಲ್ಕು ತಿಂಗಳು ಅಂತ ಒಪ್ಪಿದ್ರೆ 3,200 ಕೊಡಬೇಕಿತ್ತು. ಭಾಗಾಕಾರ ಮಾತ್ರ ಕೊನೆಗೇ ಮಾಡಿ. ಮೊದಲೇ ಹನ್ನೆರಡನ್ನ 365ರಿಂದ ಭಾಗಿಸಿ ದಿನಕ್ಕೆ 0.03 ಪರ್ಸೆಂಟ್ ಅಂತ ಚಿಕ್ಕದು ಮಾಡ್ಕೊಂಡ್ರೆ ಬಡ್ಡಿ 2,640ಕ್ಕೆ ಇಳಿಯುತ್ತೆ, ಸಾಲ ಕೊಟ್ಟವರಿಗೆ 253 ರೂಪಾಯಿ ಲಾಸ್. ಇನ್ನು ಕೆಲವರು ದಿನ ಸರಿಯಾಗಿ ಎಣಿಸಿ 36000ರಿಂದ ಭಾಗಿಸ್ತಾರೆ, ಆಗ 2,933 ಬರುತ್ತೆ. ಪತ್ರದಲ್ಲಿ ವರ್ಷಕ್ಕೆ 360 ದಿನ ಅಂತ ಬರೆದಿದ್ರೆ ಮಾತ್ರ ಅದು ಸರಿ, ಅದಕ್ಕೇ ದುಡ್ಡು ತಗೊಳ್ಳೋ ಮೊದಲೇ 365 ಅಂತ ಬರೆಸ್ಕೊಳ್ಳಿ.

ಮಧ್ಯದಲ್ಲಿ ಜನವರಿ 15ಕ್ಕೆ ಅಸಲಲ್ಲಿ 30,000 ಕಟ್ಟಿದ್ರೆ ಲೆಕ್ಕ ಎರಡು ತುಂಡಾಗುತ್ತೆ. ಅಲ್ಲೀವರೆಗೆ 80,000ಕ್ಕೆ 58 ದಿನ, ಬಡ್ಡಿ 1,525.48, ಆಮೇಲೆ 50,000ಕ್ಕೆ 52 ದಿನ, 854.79. ಸೇರಿ 2,380.27. ಎರಡೂ ತುಂಡಿನ ದಿನ ಕೂಡಿದ್ರೆ ಅದೇ 110 ಬರಬೇಕು, 111 ಬಂದ್ರೆ ಜನವರಿ 15ನ್ನ ಎರಡು ಸಲ ಎಣಿಸಿದ್ದೀರಿ ಅಂತ ಅರ್ಥ.