ರೀಲ್ ಕೆಳಗೆ ‘ಎಷ್ಟು?’ ಅಂದವರಿಗೆ ಹೋಗುವ ಉತ್ತರ

ನಾನು ಇನ್‌ಸ್ಟಾಗ್ರಾಮ್‌ನಲ್ಲಿ ಇಳಕಲ್ ಸೀರೆ ಮಾರುತ್ತೇನೆ. ರೇಟ್ ಕೇಳಿ ಕಾಮೆಂಟ್ ಹಾಕಿದವರಿಗೆ ತಾನಾಗಿಯೇ ಇನ್‌ಬಾಕ್ಸ್‌ಗೆ ಮೆಸೇಜ್ ಹೋಗುವಂತೆ ಬಿಸಿನೆಸ್ ಖಾತೆಗೆ ಒಂದು ಆಟೊಮೇಷನ್ ಆ್ಯಪ್ ಜೋಡಿಸಿದ್ದೇನೆ.

ಪದಗಳ ಪಟ್ಟಿಯನ್ನು ಹಳೆಯ ಕಾಮೆಂಟ್‌ಗಳಿಂದಲೇ ಹೆಕ್ಕಿದೆ: `price`, `rate`, `bele`, `eshtu`, `ಬೆಲೆ`, `ಎಷ್ಟು`. ನಮ್ಮವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಜಾಸ್ತಿ ಟೈಪ್ ಮಾಡುತ್ತಾರೆ, ಅಲ್ವಾ? ಪೂರ್ತಿ ಪದ ಹೊಂದಿದರೆ ಮಾತ್ರ ಮೆಸೇಜ್ ಹೋಗಬೇಕು ಎಂದು ಇಟ್ಟಿದ್ದೇನೆ. ಇಲ್ಲದಿದ್ದರೆ `separate` ಎಂಬ ಪದದೊಳಗಿನ `rate` ಕೂಡ ಸಿಕ್ಕಿಬೀಳುತ್ತದೆ. `order` ಅನ್ನು ಬೇಕಂತಲೇ ಸೇರಿಸಿಲ್ಲ. “ನನ್ನ order ಇನ್ನೂ ಬಂದಿಲ್ಲ” ಎಂದು ಬೇಸರದಲ್ಲಿ ಬರೆದವರಿಗೆ ಸೀರೆಯ ರೇಟ್ ಹೋದರೆ ಹೇಗಿರುತ್ತದೆ ಹೇಳಿ!

ಇನ್‌ಸ್ಟಾಗ್ರಾಮ್ ನಿಯಮದಂತೆ ಆ್ಯಪ್ ಒಂದು ಕಾಮೆಂಟ್‌ಗೆ ಒಂದೇ ಖಾಸಗಿ ಮೆಸೇಜ್ ಕಳಿಸಬಹುದು, ಅದೂ 7 ದಿನದೊಳಗೆ. ಮಾತು ಮುಂದುವರಿಯಬೇಕಾದರೆ ಅವರು ಉತ್ತರಿಸಲೇಬೇಕು. ಉತ್ತರಿಸಿದರೆ 24 ಗಂಟೆ ಸಮಯ ಸಿಗುತ್ತದೆ. ಹಾಗಾಗಿ ಆ ಮೊದಲ ಮೆಸೇಜ್ ಮೇಲೆಯೇ ಎಲ್ಲ ನಿಂತಿದೆ. ನನ್ನದು ಹೀಗಿದೆ:

```
ನಮಸ್ಕಾರ. ರೀಲ್‌ನ ಹಸಿರು ಇಳಕಲ್ ₹1,850. ಖಣ ಬೇಕಿದ್ದರೆ
₹350 ಬೇರೆ. ಇದು ತಾನಾಗಿ ಬರುವ ಮೆಸೇಜ್, ಮುಂದಿನ ಮಾತು
ನಾನೇ ಆಡುತ್ತೇನೆ. ಯಾವ ಊರಿಗೆ ಕಳಿಸಬೇಕು?
```

ಕೇಳಿದ್ದು ರೇಟ್, ಹಾಗಾಗಿ ಮೊದಲು ರೇಟ್. “ನಿಮ್ಮ ಆಸಕ್ತಿಗೆ ಧನ್ಯವಾದಗಳು” ಎಂದು ಶುರು ಮಾಡಿದರೆ ಅಲ್ಲೇ ಯಂತ್ರದ ವಾಸನೆ ಬರುತ್ತದೆ. ಹೆಸರನ್ನೂ ಹಾಕುವುದಿಲ್ಲ, ಏಕೆಂದರೆ ಎಷ್ಟೋ ಜನರ ಪ್ರೊಫೈಲ್‌ನಲ್ಲಿ ಹೆಸರಿನ ಜಾಗದಲ್ಲಿ ಹೂವಿನ ಚಿತ್ರವೋ ಅಂಗಡಿಯ ಹೆಸರೋ ಇರುತ್ತದೆ. ಪ್ರಶ್ನೆ ಒಂದೇ. ಫೋನ್ ನಂಬರ್, ವಿಳಾಸ, ಬಣ್ಣ ಎಲ್ಲ ಒಟ್ಟಿಗೆ ಕೇಳಿದರೆ ಜನ ಸುಮ್ನೆ ಹೊರಟುಬಿಡುತ್ತಾರೆ. ಊರಿನ ಹೆಸರು ಹೇಳಲು ಯಾರಿಗೂ ಹಿಂಜರಿಕೆ ಇಲ್ಲ, ನನಗೂ ಕೊರಿಯರ್ ಖರ್ಚು ಗೊತ್ತಾಗುತ್ತದೆ.

“ಧಾರವಾಡ” ಎಂದು ಬಂತು ಎನ್ನಿ. ಆ್ಯಪ್ ಅದನ್ನು ಪಟ್ಟಿಗೆ ಸೇರಿಸಿ, ನನ್ನ ಫೋನಿಗೆ ಸೂಚನೆ ಕೊಟ್ಟು ಅಲ್ಲಿಗೆ ನಿಲ್ಲುತ್ತದೆ. ಮುಂದೆ ನಾನೇ ಬರೆಯುತ್ತೇನೆ: “ಧಾರವಾಡಕ್ಕೆ ಕೊರಿಯರ್ ₹80 ಆಗ್ತದ್ರೀ. ಸೆರಗು ಹತ್ತಿರದಿಂದ ಫೋಟೊ ಕಳಿಸ್ಲೇನ್ರಿ?” ಆ ಊರಿನ ಮಾತಿನ ಧಾಟಿ ಯಾವ ಆ್ಯಪ್‌ನಲ್ಲೂ ಮೊದಲೇ ಬರೆದಿಡಲಾಗದು.

ನಮ್ಮನ್ನು ಫಾಲೋ ಮಾಡದವರಿಗೆ ಮೆಸೇಜ್ ರಿಕ್ವೆಸ್ಟ್ ಫೋಲ್ಡರ್‌ಗೆ ಹೋಗಿ ಬೀಳುತ್ತದೆ, ಎಷ್ಟೋ ಸಲ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಕಾಮೆಂಟ್ ಕೆಳಗೂ ಒಂದು ಸಾಲಿನ ಉತ್ತರ ಹೋಗುತ್ತದೆ. “ರೇಟ್ ಕಳಿಸಿದ್ದೇನೆ, ರಿಕ್ವೆಸ್ಟ್‌ನಲ್ಲೂ ನೋಡಿ”, “ಇನ್‌ಬಾಕ್ಸ್‌ನಲ್ಲಿ ಇಲ್ಲದಿದ್ದರೆ ರಿಕ್ವೆಸ್ಟ್ ತೆರೆಯಿರಿ” ಎಂಬಂಥ ನಾಲ್ಕೈದು ಸಾಲು ಬರೆದಿಟ್ಟಿದ್ದೇನೆ, ಆ್ಯಪ್ ಅವನ್ನು ಬದಲಿಸುತ್ತಾ ಹಾಕುತ್ತದೆ. ಇಪ್ಪತ್ತು ಜನರ ಕೆಳಗೂ ಅದೇ ಸಾಲು ಕಂಡರೆ ಇಪ್ಪತ್ತೊಂದನೆಯವರು ಕೇಳಲಿಕ್ಕೇ ಹೋಗುವುದಿಲ್ಲ.

ಕೈಮಗ್ಗದ ಸೀರೆ ಒಂದು ಬಣ್ಣದಲ್ಲಿ ಒಂದೋ ಎರಡೋ ಇರುತ್ತದೆ. ಮಾರಾಟವಾದ ಕೂಡಲೇ, ಪ್ಯಾಕ್ ಮಾಡುವುದಕ್ಕೂ ಮೊದಲು, ಆ ರೀಲ್‌ನ ಮೆಸೇಜ್ ಬದಲಿಸುತ್ತೇನೆ: “ಹಸಿರು ಖಾಲಿಯಾಗಿದೆ. ಕೆಂಪು ಇದೆ, ಫೋಟೊ ಕಳಿಸಲೇ?”