ಹಾಸಿಗೆ ಅಳೆದು ವಸ್ತು ರೂಪಿಸುವುದು: ಬೆಲೆ ಮೊದಲೇ ನಿಂತಿರುವಾಗ ವೆಚ್ಚ ಹೊಂದಿಸುವ ಬಗೆ

ಹೊಸ ವಸ್ತುವಿಗೆ ಬೆಲೆ ಕಟ್ಟುವ ಹಳೆಯ ದಾರಿ ಎಲ್ಲರಿಗೂ ಗೊತ್ತು. ಮಾಡಲು ತಗುಲುವ ಖರ್ಚು ಕೂಡಿಸಬೇಕು, ಅದರ ಮೇಲೆ ಲಾಭ ಇಡಬೇಕು, ಬಂದದ್ದೇ ಬೆಲೆ. ಆದರೆ ಅದೇ ಬಗೆಯ ನಾಲ್ಕಾರು ವಸ್ತುಗಳು ಆಗಲೇ ಮಾರಾಟಕ್ಕಿದ್ದರೆ, ಕೊಳ್ಳುವವರಿಗೆ ನಿಮ್ಮ ಖರ್ಚಿನ ಗೊಡವೆ ಇರುವುದಿಲ್ಲ. ಟಾರ್ಗೆಟ್ ಕಾಸ್ಟಿಂಗ್ ಈ ಲೆಕ್ಕವನ್ನು ತಿರುಗಿಸಿ ಇಡುತ್ತದೆ: ಬೆಲೆ ಮೊದಲು, ಅದರಿಂದ ಲಾಭ ಕಳೆ, ಉಳಿದಷ್ಟರಲ್ಲಿ ವಸ್ತು ತಯಾರಾಗಬೇಕು. ಜಪಾನಿನ ಟೊಯೊಟಾ ಇದನ್ನು 1960ರ ದಶಕದಲ್ಲಿ ಪದ್ಧತಿಯಾಗಿ ಬೆಳೆಸಿತು. ಅಲ್ಲಿ ಇದಕ್ಕೆ ಗೆಂಕಾ ಕಿಕಾಕು, ಅಂದರೆ ವೆಚ್ಚದ ಯೋಜನೆ ಎನ್ನುತ್ತಾರೆ. ಹೆಸರಲ್ಲೇ ಇರುವಂತೆ ಇದು ವಿನ್ಯಾಸದ ಹಂತದ ಕೆಲಸ. ಉತ್ಪಾದನೆ ಶುರುವಾದ ಮೇಲೆ ಖರ್ಚು ಇಳಿಸಲು ಹೊರಟರೆ ಕೈಗೆ ಸಿಗುವುದು ಚಿಲ್ಲರೆ ಉಳಿತಾಯ ಮಾತ್ರ. ಎಷ್ಟು ಬಿಡಿಭಾಗ, ಯಾವ ಲೋಹ, ಎಷ್ಟು ಸ್ಕ್ರೂ ಎಂಬುದೆಲ್ಲ ಆ ಹೊತ್ತಿಗೆ ತೀರ್ಮಾನವಾಗಿ ಹೋಗಿರುತ್ತದೆ.

ಒಂದೂವರೆ ಲೀಟರಿನ ವಿದ್ಯುತ್ ಕೆಟಲ್ ಒಂದನ್ನು ಹಿಡಿದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆಂದು ಇಟ್ಟವು, ಹಣ ಯಾವ ದೇಶದ್ದೆಂದರೂ ನಡೆಯುತ್ತದೆ.

ಮೊದಲು, ನಿಮ್ಮ ಕೈಗೆ ಬರುವ ಬೆಲೆ ಯಾವುದು ಎಂದು ನೋಡಿ

ಇದೇ ಗಾತ್ರದ, ಇದೇ ಸೌಕರ್ಯಗಳ ಕೆಟಲ್‌ಗೆ ಗ್ರಾಹಕರು 1000 ಕೊಡುತ್ತಾರೆ, ಅದಕ್ಕಿಂತ ಹೆಚ್ಚಾದರೆ ಬೇರೆಯದಕ್ಕೆ ಹೋಗುತ್ತಾರೆ ಎಂದು ವಿಚಾರಣೆಯಿಂದ ತಿಳಿದಿದೆ ಎನ್ನಿ. ಈ 1000 ತಯಾರಕರದಲ್ಲ. ತೆರಿಗೆ ಮತ್ತು ಮಾರಾಟಗಾರರ ಪಾಲು ಸೇರಿ 300 ಹೋದರೆ ತಯಾರಕರಿಗೆ ಬರುವುದು 700. ಕೆಳಗಿನ ಎಲ್ಲ ಲೆಕ್ಕವೂ ಈ 700ರ ಮೇಲೆಯೇ ನಡೆಯಬೇಕು. ಹೊಸಬರು ಎಡವುವ ಮೊದಲ ಜಾಗ ಇದು.

ಎರಡನೆಯ ಜಾಗ ಲಾಭದ್ದು. ಕಂಪನಿಗೆ ಬೇಕಾದ ಲಾಭ ನೂರಕ್ಕೆ 15 ಎಂದರೆ, ಮಾರಾಟದ ಬೆಲೆಯ ಮೇಲೆ 15. ಅದು 700ಕ್ಕೆ 105 ಆಗುತ್ತದೆ. ವೆಚ್ಚಕ್ಕೆ ಉಳಿಯುವುದು 595. ಇದನ್ನೇ ವೆಚ್ಚದ ಮೇಲೆ 15 ಎಂದು ತಿಳಿದು 700ನ್ನು 1.15ರಿಂದ ಭಾಗಿಸಿದರೆ 609 ಬರುತ್ತದೆ. ಹಾಳೆಯ ಮೇಲೆ ಸಲೀಸಾಗಿ ಸಿಕ್ಕ ಆ 14, ವರ್ಷದ ಕೊನೆಗೆ ಲಾಭದಲ್ಲಿ ಖೋತಾ ಆಗಿ ಕಾಣುತ್ತದೆ.

595 ಪೂರ್ತಿಯಾಗಿ ಕಾರ್ಖಾನೆಗೆ ಸಿಗುವುದಿಲ್ಲ. ಅಚ್ಚು ಮತ್ತು ವಿನ್ಯಾಸದ ಖರ್ಚು, ಸಾಗಣೆ, ಮಾರಾಟ ಮತ್ತು ಆಡಳಿತ, ವಾರಂಟಿ ಎಲ್ಲವೂ ಇದರಲ್ಲೇ ತೀರಬೇಕು. ನಮ್ಮ ಕೆಟಲ್‌ಗೆ ಇವು ಕ್ರಮವಾಗಿ 30, 20, 45 ಮತ್ತು 20, ಒಟ್ಟು 115. ಹಾಗಾಗಿ ತಯಾರಿಕೆಯ ಗುರಿ ವೆಚ್ಚ 480.

ಅಚ್ಚಿನ 30 ಎಲ್ಲಿಂದ ಬಂತೆಂದು ಒಮ್ಮೆ ಕೇಳಿಕೊಳ್ಳಿ. ಅಚ್ಚು ಮತ್ತು ವಿನ್ಯಾಸಕ್ಕೆ 30,00,000 ಖರ್ಚು, ಮಾರಾಟ 1,00,000 ಕೆಟಲ್ ಎಂಬ ಎಣಿಕೆಯಿಂದ. ಮಾರಾಟ 60,000ಕ್ಕೆ ನಿಂತರೆ ಒಂದೊಂದರ ಮೇಲೂ 50 ಬೀಳುತ್ತದೆ, ಗುರಿ 460ಕ್ಕೆ ಇಳಿಯುತ್ತದೆ. ಮಾರಾಟದ ಅಂದಾಜನ್ನು ಉಬ್ಬಿಸಿ ಗುರಿ ವೆಚ್ಚವನ್ನು ಸಡಿಲ ಮಾಡಿಕೊಳ್ಳುವುದು ಬಹಳ ಸುಲಭ. ಆದ್ದರಿಂದ ಈ ಸಂಖ್ಯೆಗೆ ಮಾರಾಟ ವಿಭಾಗದವರ ಸಹಿ ಇರಲೇಬೇಕು.

ಈಗಿನ ವಿನ್ಯಾಸಕ್ಕೆ ತಗುಲುವುದೆಷ್ಟು

ಗುರಿ ಗೊತ್ತಾದ ಮೇಲೆ, ಇಂದು ಕೈಯಲ್ಲಿರುವ ವಿನ್ಯಾಸವನ್ನೇ ಇಂದಿನ ದರಗಳಲ್ಲಿ ಮಾಡಿದರೆ ಎಷ್ಟಾಗುತ್ತದೆ ಎಂದು ಅಂದಾಜಿಸಬೇಕು. ಇದರಲ್ಲಿ ಆಸೆಗೆ ಜಾಗವಿಲ್ಲ. ಸರಬರಾಜುದಾರರು ಬರೆದುಕೊಟ್ಟ ದರಗಳೇ ಬೇಕು. ನಮ್ಮ ಕೆಟಲ್‌ನ ಬಿಡಿಭಾಗಗಳಿಗೆ 490, ಜೋಡಣೆ ಮತ್ತು ಪರೀಕ್ಷೆಗೆ 50, ಪ್ಯಾಕಿಂಗ್‌ಗೆ 30, ಒಟ್ಟು 570 ಬಂತು. ಗುರಿಗಿಂತ 90 ಜಾಸ್ತಿ.

ಹಳೆಯ ದಾರಿಯಲ್ಲೇ ಹೋಗಿದ್ದರೆ ಏನಾಗುತ್ತಿತ್ತು? 570ಕ್ಕೆ 115 ಸೇರಿಸಿ 685, ನೂರಕ್ಕೆ 15ರ ಲಾಭ ಇಟ್ಟು ಸುಮಾರು 806, ತೆರಿಗೆ ಮತ್ತು ಮಾರಾಟಗಾರರ ಪಾಲು ಅದೇ ಪ್ರಮಾಣದಲ್ಲಿ ಸೇರಿ ಗ್ರಾಹಕರ ಮುಂದೆ ಸುಮಾರು 1150. ಕಾರ್ಖಾನೆಯಲ್ಲಿ ಹೆಚ್ಚಾದ 90, ಅಂಗಡಿಗೆ ಬರುವಷ್ಟರಲ್ಲಿ 150 ಆಗಿರುತ್ತದೆ.

90ನ್ನು ಯಾರ ತಲೆಗೆ ಕಟ್ಟುವುದು

ಎಲ್ಲ ಭಾಗಗಳಿಂದಲೂ ನೂರಕ್ಕೆ ಹದಿನಾರು ಕಡಿಯಿರಿ ಎಂದು ಆದೇಶ ಹೊರಡಿಸುವುದು ಅತಿ ಸುಲಭ, ಅತಿ ಕೆಟ್ಟ ಉಪಾಯ. ಗ್ರಾಹಕರು ಯಾವುದಕ್ಕಾಗಿ ಹಣ ಕೊಡುತ್ತಿದ್ದಾರೋ ಅದಕ್ಕೂ, ಅವರ ಗಮನಕ್ಕೇ ಬಾರದ ಅಲಂಕಾರಕ್ಕೂ ಒಂದೇ ಕತ್ತರಿ ಬೀಳುತ್ತದೆ. 1947ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಲಾರೆನ್ಸ್ ಮೈಲ್ಸ್ ರೂಪಿಸಿದ, ಮುಂದೆ ವ್ಯಾಲ್ಯೂ ಎಂಜಿನಿಯರಿಂಗ್ ಎಂದು ಹೆಸರಾದ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ಭಾಗವನ್ನು ನೋಡುವ ಮೊದಲು ಅದು ಮಾಡುವ ಕೆಲಸವನ್ನು ನೋಡು ಎಂಬುದು ಅದರ ತಿರುಳು.

ಗ್ರಾಹಕರಿಗೆ 100 ಅಂಕ ಕೊಟ್ಟು, ಕೆಟಲ್‌ನ ಗುಣಗಳಿಗೆ ಹಂಚಲು ಕೇಳಿ. ಬೇಗ ಕುದಿಯುವುದಕ್ಕೆ 25, ಸುರಕ್ಷತೆಗೆ 30, ಹಿಡಿಯಲು, ಸುರಿಯಲು ಮತ್ತು ತೊಳೆಯಲು ಸಲೀಸಾಗಿರುವುದಕ್ಕೆ 25, ಅಂದಕ್ಕೆ 10, ಬಾಳಿಕೆಗೆ 10 ಬಂತು ಎನ್ನಿ. ಮುಂದಿನದು ಎಂಜಿನಿಯರುಗಳ ಕೆಲಸ: ಪ್ರತಿ ಗುಣಕ್ಕೆ ಯಾವ ಭಾಗ ಎಷ್ಟು ಕಾರಣ ಎಂದು ಹಂಚಬೇಕು. ಸುರಕ್ಷತೆಯ 30ರಲ್ಲಿ, ನೀರು ಕುದಿದ ಕೂಡಲೇ ಆರಿಸುವ ಸ್ವಿಚ್ಚಿಗೆ 18, ವೈರಿಗೆ 6, ಒಡಲಿಗೆ 3, ಪ್ಲಾಸ್ಟಿಕ್ ಭಾಗಗಳಿಗೆ 3. ಹೀಗೆ ಐದೂ ಗುಣಗಳನ್ನು ಹಂಚಿ ಭಾಗವಾರು ಕೂಡಿದರೆ ಪ್ರತಿ ಭಾಗದ ಮಹತ್ವ ಸಿಗುತ್ತದೆ. ಅದನ್ನು ಬಿಡಿಭಾಗಗಳ ಒಟ್ಟು ವೆಚ್ಚದಲ್ಲಿ ಆ ಭಾಗಕ್ಕಿರುವ ಶೇಕಡಾ ಪಾಲಿನಿಂದ ಭಾಗಿಸಿದರೆ ಬರುವುದು ಮೌಲ್ಯ ಸೂಚ್ಯಂಕ. ಒಂದಕ್ಕಿಂತ ಕಡಿಮೆ ಬಂದರೆ, ಗ್ರಾಹಕರು ಬೆಲೆ ಕೊಡುವುದಕ್ಕಿಂತ ಹೆಚ್ಚು ಖರ್ಚು ಅಲ್ಲಿ ಆಗುತ್ತಿದೆ ಎಂದರ್ಥ.

| ಭಾಗ | ಈಗಿನ ವೆಚ್ಚ | ಮಹತ್ವ | ಸೂಚ್ಯಂಕ | ಹೊಸ ಗುರಿ |
|---|---|---|---|---|
| ಸ್ಟೀಲ್ ಒಡಲು, ಹೀಟರ್ | 150 | 38 | 1.24 | 135 |
| ಸ್ವಿಚ್ಚು, ಕನೆಕ್ಟರ್ | 120 | 27 | 1.10 | 112 |
| ಮುಚ್ಚಳ, ಹಿಡಿ, ಇತರ ಪ್ಲಾಸ್ಟಿಕ್ | 140 | 20.5 | 0.72 | 95 |
| ವೈರು, ಪ್ಲಗ್ಗು | 50 | 9.5 | 0.93 | 42 |
| ಅಡಿಪೀಠ | 30 | 5 | 0.82 | 26 |

ಜೋಡಣೆಗೆ 44, ಪ್ಯಾಕಿಂಗ್‌ಗೆ 26 ಎಂದಿಟ್ಟರೆ ಬಿಡಿಭಾಗಗಳಿಗೆ ಸಿಗುವುದು 410. ಇದನ್ನು ಮಹತ್ವದ ಪ್ರಕಾರವೇ ಕಣ್ಣುಮುಚ್ಚಿ ಹಂಚಿದರೆ ಪ್ಲಾಸ್ಟಿಕ್‌ಗೆ 84, ವೈರಿಗೆ 39, ಒಡಲಿಗೆ 156 ಬರುತ್ತದೆ. ಆದರೆ ಕೊನೆಯ ಗುರಿಗಳು ಬೇರೆ. ವೈರಿನ ತಾಮ್ರದ ದಪ್ಪ ಸುರಕ್ಷತಾ ಮಾನದಂಡಕ್ಕೆ ಸೇರಿದ್ದು, ಸೂಚ್ಯಂಕ ಏನೇ ಹೇಳಿದರೂ ಅದನ್ನು ಮುಟ್ಟುವಂತಿಲ್ಲ. ಉದ್ದವನ್ನು ಮಾತ್ರ ಒಂದು ಮೀಟರಿನಿಂದ ಮುಕ್ಕಾಲು ಮೀಟರಿಗೆ ಇಳಿಸಬಹುದು. ಪ್ಲಾಸ್ಟಿಕ್ 84ಕ್ಕೆ ಇಳಿಯದೆ 95ರಲ್ಲಿ ನಿಂತರೆ, ಆ ವ್ಯತ್ಯಾಸವನ್ನು ಬೇರೊಂದು ಭಾಗ ಹೊರಬೇಕು. ಸೂಚ್ಯಂಕವು ಮೊದಲು ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ, ಅಷ್ಟೇ. ಎಷ್ಟು ಕಡಿಯಬೇಕೆಂಬುದು ಎಂಜಿನಿಯರುಗಳು, ಖರೀದಿಯವರು, ಲೆಕ್ಕದವರು ಒಂದೇ ಮೇಜಿನ ಸುತ್ತ ಕೂತು ಮಾಡುವ ತೀರ್ಮಾನ.

ಪ್ಲಾಸ್ಟಿಕ್‌ನಲ್ಲಿ 45 ಸಿಕ್ಕ ಬಗೆ

ಹಿಡಿಯ ಮೇಲೆ ಮೆತ್ತನೆಯ ರಬ್ಬರ್ ಹೊದಿಕೆ ಇತ್ತು. ಅದಕ್ಕಾಗಿ ಎರಡು ಸಲ ಅಚ್ಚು ಹೊಯ್ಯಬೇಕಿತ್ತು. ಜಾರದ ಹಿಡಿತವೇ ಬೇಕಾದದ್ದಾದರೆ ಅಚ್ಚಿನ ಒಳಮೈಯಲ್ಲೇ ತರಿ ಕೊರೆದರೆ ಸಾಕು, ಉಳಿತಾಯ 18. ಕುದಿಯುವಾಗ ಹೊಳೆಯುವ ದೀಪದ ಉಂಗುರಕ್ಕೆ ಗ್ರಾಹಕರು ಕೊಟ್ಟ ಅಂಕ ತೀರ ಕಡಿಮೆ. ಅದನ್ನು ತೆಗೆದು, ಸ್ವಿಚ್ಚಿನಲ್ಲಿಯೇ ಇರುವ ಸಣ್ಣ ದೀಪ ಉಳಿಸಿಕೊಂಡರೆ 12. ಮುಚ್ಚಳದ ಗುಂಡಿ ಮತ್ತು ಕೊಂಡಿ ಒಂದೇ ತುಂಡಾದಾಗ 8. ಇಕ್ಕೆಲದಲ್ಲಿದ್ದ ನೀರಿನ ಮಟ್ಟದ ಕಿಂಡಿಗಳಲ್ಲಿ ಒಂದನ್ನು ಬಿಟ್ಟಾಗ 7.

ಈ ಕೊನೆಯ 7 ಚಿಕ್ಕದಾಗಿ ಕಂಡರೂ ಅದರ ಬೆನ್ನಿಗೆ ಬೇರೆ ಲಾಭಗಳಿವೆ. ಕಿಂಡಿ ಹೋದಾಗ ಸ್ಟೀಲ್ ಒಡಲಿನ ಒಂದು ತೂತು, ಒಂದು ಗ್ಯಾಸ್ಕೆಟ್ ಕೂಡ ಹೋಗುತ್ತವೆ; ಒಡಲಿನಿಂದ ಕಳೆಯಬೇಕಿದ್ದ 15ರಲ್ಲಿ 7 ಬಂದದ್ದು ಹೀಗೆ. ನೀರು ಸೋರುವ ಒಂದು ಜಾಗವೂ ಕಡಿಮೆಯಾಯಿತು. ಒಡಲಿನ ಉಳಿದ 8 ಕನ್ನಡಿ ಹೊಳಪಿನ ಬದಲು ಗೀರು ಮೆರುಗಿನಿಂದ, ಹಾಳೆ ಕತ್ತರಿಸುವಾಗ ಚೂರು ವ್ಯರ್ಥವಾಗದಂತೆ ಹೊಂದಿಸಿದ್ದರಿಂದ ಬಂತು. ಹೀಟರ್ ಇದ್ದ ಹಾಗೇ ಇದೆ. ಸ್ವಿಚ್ಚಿನ 8 ಬಂದದ್ದು, ಇದೇ ಕಂಪನಿಯ ಇನ್ನೊಂದು ಮಾದರಿಯಲ್ಲಿರುವ ಸ್ವಿಚ್ಚನ್ನೇ ಆರಿಸಿ ದೊಡ್ಡ ಸಂಖ್ಯೆಯಲ್ಲಿ ಕೊಂಡದ್ದರಿಂದ. ಸ್ಕ್ರೂಗಳ ಜಾಗದಲ್ಲಿ, ಒತ್ತಿದರೆ ಕಚ್ಚಿಕೊಳ್ಳುವ ಕೊಕ್ಕೆಗಳು ಬಂದು ಜೋಡಣೆಯೂ 44ಕ್ಕೆ ಇಳಿಯಿತು.

ಸುಳ್ಳು ಉಳಿತಾಯವನ್ನು ಗುರುತಿಸುವುದು

ಒಂದು ಕಡೆ ಕಡಿದ ಖರ್ಚು ಇನ್ನೊಂದು ಕಡೆ ತಲೆ ಎತ್ತುವುದು ಈ ಕೆಲಸದ ದೊಡ್ಡ ಅಪಾಯ. ಉಳಿದಿರುವ ಕಿಂಡಿಗೆ ಅಗ್ಗದ ಗ್ಯಾಸ್ಕೆಟ್ ಹಾಕಿದರೆ 5 ಉಳಿಯುತ್ತದೆ ಎನ್ನಿ. ವಾರಂಟಿಯ 20, ನೂರಕ್ಕೆ 5 ಕೆಟಲ್ ವಾಪಸು ಬರುತ್ತವೆ, ಒಂದೊಂದಕ್ಕೆ 400 ಖರ್ಚಾಗುತ್ತದೆ ಎಂಬ ಲೆಕ್ಕದ್ದು. ಸೋರಿಕೆಯಿಂದ ವಾಪಸಾತಿ 7ಕ್ಕೇರಿದರೆ ವಾರಂಟಿ 28 ಆಗುತ್ತದೆ. ಖರೀದಿಯವರ ಹಾಳೆಯಲ್ಲಿ 5ರ ಗೆಲುವು, ಒಟ್ಟು ಲೆಕ್ಕದಲ್ಲಿ 3ರ ನಷ್ಟ. ಹಾಗಾಗಿ ಪ್ರತಿ ಸಲಹೆಯ ಮುಂದೆಯೂ 480ರ ಮೇಲಿನ ಪರಿಣಾಮದ ಜೊತೆಗೆ 595ರ ಮೇಲಿನ ಪರಿಣಾಮವನ್ನೂ ಬರೆಯಬೇಕು.

ಸರಬರಾಜುದಾರರನ್ನು ಹಿಂಡುವುದು ಇದೇ ತಪ್ಪಿನ ಇನ್ನೊಂದು ರೂಪ. ವಿನ್ಯಾಸ ಬದಲಿಸದೆ ದರ ಮಾತ್ರ ಇಳಿಸಿ ಎಂದು ಒತ್ತಾಯಿಸಿದರೆ, ಅವರು ಮರುಬಳಕೆಯ ಪ್ಲಾಸ್ಟಿಕ್ ಹೆಚ್ಚು ಬೆರೆಸಿಯೋ ತಪಾಸಣೆ ಕಡಿಮೆ ಮಾಡಿಯೋ ತಮ್ಮ ನಷ್ಟ ತುಂಬಿಕೊಳ್ಳುವ ಸಾಧ್ಯತೆ ಇದೆ. ಇಳಿದ ದರಕ್ಕೆ ಕಾರಣ ಕೇಳಿ. ತೂಕ, ಅಚ್ಚಿನ ಆವರ್ತಕ್ಕೆ ಹಿಡಿಯುವ ಸೆಕೆಂಡು, ಆರ್ಡರಿನ ಪ್ರಮಾಣ, ಇವುಗಳಲ್ಲಿ ಒಂದಾದರೂ ಬದಲಾಗಿರಬೇಕು. ಏನೂ ಬದಲಾಗದೆ ದರ ಇಳಿದಿದ್ದರೆ ಆ ಭಾಗದ ಮಾದರಿ ತರಿಸಿ ಮತ್ತೆ ಪರೀಕ್ಷಿಸಿ.

ಅಚ್ಚಿಗೆ ಆರ್ಡರ್ ಕೊಡುವ ಮುನ್ನ

ನಕ್ಷೆ ಮುಗಿದಾಗ, ಮಾದರಿ ಸಿದ್ಧವಾದಾಗ, ಅಚ್ಚಿಗೆ ಆರ್ಡರ್ ಕೊಡುವ ಮುನ್ನ, ಹೀಗೆ ಕನಿಷ್ಠ ಮೂರು ಸಲ ಅಂದಾಜನ್ನು ಹೊಸ ದರಗಳಲ್ಲಿ ಮತ್ತೆ ಹಾಕಬೇಕು. ಮೂರನೆಯದೇ ನಿಜವಾದ ಬಾಗಿಲು. ಅಚ್ಚಿನ ಉಕ್ಕಿಗೆ ಕೊರೆತ ಬಿದ್ದ ಮೇಲೆ ಮುಚ್ಚಳದ ಒಂದು ಕೊಕ್ಕೆ ಸರಿಸುವುದೂ ದುಬಾರಿ.

ಆ ಬಾಗಿಲಲ್ಲಿ ಅಂದಾಜು 492ಕ್ಕೆ ನಿಂತಿದೆ, 480 ಮುಟ್ಟಿಲ್ಲ ಎನ್ನಿ. ಉತ್ಪಾದನೆ ಶುರುವಾದ ಮೇಲೆ ಸರಿಹೋಗುತ್ತದೆ ಎಂದು ಮುಂದೆ ಹೋದರೆ ಲಾಭ 105ರ ಬದಲು 93, ಅಂದರೆ ನೂರಕ್ಕೆ 13.3. ಗುರಿ ಮುಟ್ಟದ ವಸ್ತುವನ್ನು ಮಾರುಕಟ್ಟೆಗೆ ಬಿಡುವಂತಿಲ್ಲ ಎಂಬುದು ಈ ಪದ್ಧತಿಯ ಕಟ್ಟುನಿಟ್ಟಿನ ನಿಯಮ, ಮತ್ತು ಅದು ಸರಿ. ಒಮ್ಮೆ ವಿನಾಯಿತಿ ಸಿಕ್ಕಿತೆಂದರೆ ಮುಂದಿನ ಸಲ ಯಾವ ಎಂಜಿನಿಯರೂ ಗುರಿಯನ್ನು ನಂಬುವುದಿಲ್ಲ. ನಿಲ್ಲಿಸುವ ಮೊದಲು ನೋಡಬೇಕಾದ ದಾರಿಗಳು ಎರಡೇ: ಇನ್ನೊಂದು ಸುತ್ತು ವಿನ್ಯಾಸ, ಇಲ್ಲವೇ ಬೆಲೆ ಏರಿಸಲು ನಿಜವಾದ ಆಧಾರ. 12ನ್ನು ಬೆಲೆಯಿಂದಲೇ ತುಂಬುವುದಾದರೆ, ಲಾಭ ನೂರಕ್ಕೆ 15 ಉಳಿಯಲು ಗ್ರಾಹಕರು 1000ದ ಬದಲು ಸುಮಾರು 1020 ಕೊಡಬೇಕಾಗುತ್ತದೆ. ಯಾವ ಹೆಚ್ಚಿನ ಗುಣಕ್ಕಾಗಿ ಆ 20 ಕೊಡುತ್ತಾರೆ ಎಂಬ ಪ್ರಶ್ನೆಗೆ, ಮೊದಲು 100 ಅಂಕ ಹಂಚಿದ ಅದೇ ಬಗೆಯ ಗ್ರಾಹಕರಿಂದಲೇ ಉತ್ತರ ಬರಬೇಕು.