ಹೆಬ್ಬೇವಿನ ಇಂಗಾಲ: ಸೂತ್ರವನ್ನು ಕಾಟಾ ಮೇಲೆ ನಿಲ್ಲಿಸಿದ ನನ್ನ ಅನುಭವ

ಕುಷ್ಟಗಿ ಕಡೆಯ ಮಸಾರಿ ಹೊಲದಲ್ಲಿ ನಮ್ಮದು ಹೆಬ್ಬೇವು, ನಡುವೆ ತೊಗರಿ, ಬದುವಿನ ಮೇಲೆ ಹಳೇ ಬೇವು. ಮರದಲ್ಲಿ ಎಷ್ಟು ಇಂಗಾಲ ಇದೆ ಅಂತ ಲೆಕ್ಕ ಹಾಕೋಕೆ ಒಬ್ಬ ಸಲಹೆಗಾರ ಇಪ್ಪತ್ತು ಸಾವಿರದ ಹತ್ತಿರ ತೆಗೆದುಕೊಂಡ. ಅವನು ಕೊಟ್ಟ ಶೀಟಿನಲ್ಲಿ ವ್ಯಾಸದ ಕಾಲಂನಲ್ಲಿ ಸುತ್ತಳತೆ ಕೂತಿತ್ತು. 63 ಸೆಂ.ಮೀ. ಸುತ್ತಳತೆಯ ಮರದ ವ್ಯಾಸ 20 ಅಷ್ಟೇ. 63 ಅಂತಲೇ ಹಾಕಿದರೆ ತೂಕ ಒಂಬತ್ತು ಪಟ್ಟಿಗೂ ಮೇಲೆ ಉಬ್ಬುತ್ತದೆ. ಇಂಥ ಶೀಟು ಹಿಡಿಯೋದು ಸುಲಭ: ಐದಾರು ವರ್ಷದ ಮರ ಒಂದು ಟನ್ ತೂಗುತ್ತದೆ ಅಂತ ತೋರಿಸಿದರೆ ಅಲ್ಲೇ ನಿಲ್ಲಿಸಿ.

ಸುತ್ತಳತೆ ಸರಿಪಡಿಸಿದ ಮೇಲೂ ಜಗಳ ಮುಗಿಯಲಿಲ್ಲ. ನಮ್ಮ ರೈತ ಗುಂಪಿನವರು ಪಶ್ಚಿಮ ಕೀನ್ಯಾದ ಹೊಲದ ಮರಗಳಿಂದ 2012ರಲ್ಲಿ ಬಂದ ಸೂತ್ರ ಸಾಕು ಅಂದರು. ಅದಕ್ಕೆ ವ್ಯಾಸ ಒಂದೇ ಬೇಕು. ನಾನು ಉಷ್ಣವಲಯದ ಮರಗಳಿಗೆ ಶಾವ್ ಮತ್ತು ಸಂಗಡಿಗರು 2014ರಲ್ಲಿ ಕೊಟ್ಟ ಸೂತ್ರ ಹಿಡಿದೆ. ಅದು ಕಟ್ಟಿಗೆಯ ಸಾಂದ್ರತೆ, ಎತ್ತರ ಎರಡನ್ನೂ ಕೇಳುತ್ತದೆ. "ಅಷ್ಟೆಲ್ಲ ಯಾಕಣ್ಣಾ, ಸುಮ್ನೆ ದಪ್ಪ ಅಳೆದರೆ ಆಯ್ತಲ್ವಾ" ಅನ್ನೋದು ಅವರ ಮಾತು. 20 ಸೆಂ.ಮೀ. ವ್ಯಾಸ, 12 ಮೀಟರ್ ಎತ್ತರದ ಮರಕ್ಕೆ ಎರಡನ್ನೂ ಹಾಕಿ ನೋಡಿ:

```
=0.091*20^2.472
=0.0673*(0.40*20^2*12)^0.976
```

ಮೊದಲನೆಯದು ಸುಮಾರು 150 ಕಿಲೋ ಕೊಡುತ್ತದೆ, ಎರಡನೆಯದು 108. ಎರಡೂ ನೆಲದ ಮೇಲಿನ ಒಣ ತೂಕ. ಹೆಬ್ಬೇವು ಬೇಗ ಬೆಳೆಯುವ ಹಗುರ ಕಟ್ಟಿಗೆ. ದಪ್ಪ ಮಾತ್ರ ನೋಡುವ ಸೂತ್ರಕ್ಕೆ ಇದು ಹೆಬ್ಬೇವೋ ಜಾಲಿಯೋ ಗೊತ್ತಾಗೋದಿಲ್ಲ.

ಯಾವುದು ಸರಿ ಅಂತ ಹೇಳೋಕೆ ತೂಗಲೇಬೇಕು. ಮಾರಾಟಕ್ಕೆ ಕಡಿಯುವಾಗ ಸಣ್ಣ, ದೊಡ್ಡ, ನಡುವಿನ ಗಾತ್ರದ ಹತ್ತು ಮರ ಆರಿಸಿ, ಕಡಿಯೋಕೆ ಮೊದಲು ಅಳೆದೆ. ಕೊಂಬೆ, ಸೊಪ್ಪು ಬಿಡದೆ ಅವತ್ತೇ ಟ್ರಾಲಿಗೆ ಹೇರಿ ಕಾಟಾಕ್ಕೆ ಒಯ್ದೆವು. ಮರುದಿನಕ್ಕೆ ಬಿಟ್ಟರೆ ನಮ್ಮ ಬಿಸಿಲಿಗೆ ನೀರು ಆರಿ ಲೆಕ್ಕ ಕೆಡುತ್ತದೆ. ಹಸಿ ತೂಕ 2.3 ಟನ್ ಆಸುಪಾಸು ಬಂತು. ಕಾಟಾದ ಫೀ ನೂರರೊಳಗೆ, ಕೂಲಿಯೇ ಜಾಸ್ತಿ, ಮೂರು ಸಾವಿರ ದಾಟಿತು.

ಸಾಂದ್ರತೆಗೆ ಬುಡ, ನಡು, ತುದಿಯಿಂದ ಬಿಲ್ಲೆ ಕತ್ತರಿಸಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ನೀರಿನ ಬೋಗುಣಿ ಇಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದು, ಹಸಿ ಬಿಲ್ಲೆಯನ್ನು ದಬ್ಬಣದಿಂದ ಪೂರ್ತಿ ಮುಳುಗಿಸಿ ಹಿಡಿಯಬೇಕು. ತಳಕ್ಕಾಗಲಿ ಬದಿಗಾಗಲಿ ತಾಗಬಾರದು. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಘನ ಸೆಂ.ಮೀ. ಗಾತ್ರ. ಒಂದು ಬಿಲ್ಲೆ 410 ತೋರಿಸಿತು. ಪರಿಚಯದವರ ಲ್ಯಾಬಿನ ಓವನ್‌ನಲ್ಲಿ 105 ಡಿಗ್ರಿಯಲ್ಲಿ, ತೂಕ ಇಳಿಯೋದು ನಿಲ್ಲುವ ತನಕ ಒಣಗಿಸಿದಾಗ 165 ಗ್ರಾಂ ಉಳಿಯಿತು. 165ನ್ನು 410ರಿಂದ ಭಾಗಿಸಿದರೆ 0.40, ಮೇಲಿನ ಸೂತ್ರದಲ್ಲಿ ಹಾಕಿದ ಸಾಂದ್ರತೆ ಇದೇ. ಬುಡದ ಬಿಲ್ಲೆ ಇನ್ನೂ ಸ್ವಲ್ಪ ಗಟ್ಟಿ, ತುದಿಯದು ಹಗುರ. ಬುಡದ್ದು ಮಾತ್ರ ನೋಡಿದರೆ ಲೆಕ್ಕ ಏರುತ್ತದೆ.

ಹಸಿಯಲ್ಲಿ ಒಣ ಪಾಲು ನೂರಕ್ಕೆ 44ರಷ್ಟು ಸಿಕ್ಕಿತು. ಹಾಗಾಗಿ ಹತ್ತು ಮರದ ನಿಜವಾದ ಒಣ ತೂಕ ಒಂದು ಟನ್ ಚಿಲ್ಲರೆ. ಶಾವ್ ಸೂತ್ರ ಅದಕ್ಕಿಂತ ಏಳೆಂಟು ಪರ್ಸೆಂಟ್ ಜಾಸ್ತಿ ಹೇಳಿತು, ಗುಂಪಿನವರ ಸೂತ್ರ ಹತ್ತಿರಹತ್ತಿರ ಒಂದೂವರೆ ಪಟ್ಟು. ಕಾಟಾ ಚೀಟಿ ನೋಡಿದ ಮೇಲೆ ಯಾರೂ ಮಾತಾಡಲಿಲ್ಲ. ಈಗ ಅವರೇ ಬಂದು ನನ್ನ ಶೀಟು ಕೇಳುತ್ತಾರೆ.

108 ಕಿಲೋಗೆ ಬೇರಿನ ಲೆಕ್ಕಕ್ಕೆ ಅದರ ಕಾಲುಭಾಗ ಸೇರಿಸಿ, ಒಣ ತೂಕದಲ್ಲಿ ಇಂಗಾಲದ ಪಾಲಾದ 0.47ರಿಂದ ಗುಣಿಸಿದರೆ 63 ಕಿಲೋ ಇಂಗಾಲ. ಕಾರ್ಬನ್ ಡೈಆಕ್ಸೈಡ್ ಲೆಕ್ಕ ಬೇಕಾದರೆ 3.67ರಿಂದ ಗುಣಿಸಿ. ಬೇರು ಅಗೆದು ನೋಡಿಲ್ಲ, ಅದು ರೂಢಿಯ ಅಂಕಿ. ಸರಾಸರಿ ವ್ಯಾಸ ತೆಗೆದು ಮರದ ಸಂಖ್ಯೆಯಿಂದ ಗುಣಿಸುವವರಿದ್ದಾರೆ. ಹಾಗೆ ಮಾಡಬೇಡಿ. ದಪ್ಪ ಮರದ ತೂಕ ಬೇರೆಯದೇ ಲೆವೆಲ್‌ನಲ್ಲಿ ಏರುವುದರಿಂದ ಮೊತ್ತ ಕಮ್ಮಿ ಬರುತ್ತದೆ. ಒಂದೊಂದೇ ಮರ ಲೆಕ್ಕ ಹಾಕಿ ಕೂಡಿಸಿ.

ಇದರ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸುತ್ತಳತೆ ಅಳೆಯೋದು ಎದೆಮಟ್ಟದಲ್ಲಿ, ಅಂದರೆ 1.37 ಮೀಟರ್ ಎತ್ತರದಲ್ಲಿ. ಕೆಲವು ಮರಕ್ಕೆ ಅಲ್ಲಿ ಪೇಂಟ್ ಹಚ್ಚಿದೆ, ಕೆಲವನ್ನು ಹಾಗೇ ಬಿಟ್ಟೆ. ಮುಂದಿನ ವರ್ಷ ಪೇಂಟ್ ಇಲ್ಲದ ಮರಗಳಲ್ಲಿ ಒಂದೆರಡು ತೆಳುವಾದಂತೆ ಕಂಡವು! ಟೇಪ್ ಗೇಣು ಮೇಲೆ ಹೋಗಿತ್ತು ಅಷ್ಟೇ. ಪೇಂಟಿಗೆ ಆದ ಖರ್ಚು ಇನ್ನೂರು ರೂಪಾಯಿ.

ಬದುವಿನ ಬೇವು ಬೇರೆ ಕಥೆ. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದ ಮರದಲ್ಲಿ 15, 20 ಸೆಂ.ಮೀ. ಎರಡು ಕಾಂಡ ಇದ್ದರೆ ಕೂಡಿಸಿ 35 ಬರೆಯಬೇಡಿ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 25 ಬರುತ್ತದೆ. ಆಡಿಗೆ ವರ್ಷವರ್ಷ ಸೊಪ್ಪು ಕಡಿದ ಬೇವಿಗೆ ದಪ್ಪ ಕಾಂಡ ಇರುತ್ತದೆ, ಮೇಲೆ ಕೊಂಬೆಯೇ ಇರೋದಿಲ್ಲ. ಅಲ್ಲಿ ಯಾವ ಸೂತ್ರವೂ ಜಾಸ್ತಿಯೇ ಹೇಳುತ್ತದೆ. ಎಷ್ಟು ಕಡಿತ ಹಾಕಬೇಕು ಅನ್ನೋದಕ್ಕೆ ನನ್ನದೊಂದು ಉಪಾಯ ಇದೆ. ಕಡಿದ ಸೊಪ್ಪಿನ ಹೊರೆ ತೂಗಿ ಶುರು ಮಾಡಿದ್ದೇನೆ ಅಂತ ಮಾತ್ರ ಹೇಳುತ್ತೇನೆ. ಇನ್ನೆರಡು ಹಂಗಾಮಿನ ಅಂಕಿ ಕೈಗೆ ಬರುವ ತನಕ ಉಳಿದದ್ದು ನನ್ನ ಹತ್ತಿರವೇ ಇರಲಿ.